ಮನೆಗೆಲಸ ದಂಡವಲ್ಲ, ಮಕ್ಕಳ ಪಾಲು



ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಮನೆಗಳಲ್ಲಿ ಕುಳಿತು ಈ ಮಾತನ್ನು ಕೇಳುತ್ತಿರುವ ಅಪ್ಪ ಅಮ್ಮಂದಿರಿಗೆ, ಅಜ್ಜ ಅಜ್ಜಿಯರಿಗೆ ಮೊದಲು ಒಂದು ಸಣ್ಣ ಪ್ರಶ್ನೆ ಕೇಳುತ್ತೇನೆ. ನಿಮ್ಮ ಮಗಳಿಗೋ ಮಗನಿಗೋ "ಸ್ವಲ್ಪ ಈ ಕೋಣೆ ಗುಡಿಸು ಬಾ" ಎಂದು ನೀವು ಕರೆದಾಗ ಅವರ ಬಾಯಿಂದ ಬರುವ ಮೊದಲ ಮಾತು ಯಾವುದು? "ಬಂದೆ" ಎನ್ನುತ್ತಾರೆಯೆ? "ಆಮೇಲೆ" ಎನ್ನುತ್ತಾರೆಯೆ? ಅಥವಾ "ಯಾಕೆ, ನಾನೇನು ಮಾಡಿದೆ?" ಎನ್ನುತ್ತಾರೆಯೆ?

"ಆಮೇಲೆ" ಅಂದರೆ ಗಾಬರಿಪಡಬೇಕಾಗಿಲ್ಲ. ಅದು ಎಲ್ಲ ಮಕ್ಕಳ ಮಾತು, ದೊಡ್ಡವರ ಮಾತೂ ಹೌದು. ಆದರೆ "ನಾನೇನು ಮಾಡಿದೆ?" ಎಂಬ ಮಾತು ಬಂದರೆ ಸ್ವಲ್ಪ ನಿಂತು ಯೋಚಿಸಿ. ಪೊರಕೆ ಕೈಗೆ ಬರುವುದು ತಪ್ಪು ಮಾಡಿದಾಗ ಮಾತ್ರ ಎಂದು ಆ ಮಗು ಲೆಕ್ಕ ಹಾಕಿಕೊಂಡಿದೆ. ಅದಕ್ಕೆ ಆ ಲೆಕ್ಕವನ್ನು ಹೇಳಿಕೊಟ್ಟವರು ನಾವೇ.

ಇದು ಹೇಗೆ ಆಗುತ್ತದೆ ನೋಡಿ. ನಮ್ಮ ಕಡೆಯ ಮನೆಗಳಲ್ಲಿ ಅಪ್ಪ ಬೆಳಿಗ್ಗೆ ಏಳೂವರೆಗೇ ಲೋಕಲ್ ಹಿಡಿದಿರುತ್ತಾರೆ. ಅಮ್ಮನೂ ಕೆಲಸಕ್ಕೆ ಹೋಗುವವರಾದರೆ ಅವರದು ಇನ್ನೊಂದು ಗಾಡಿ. ಸಂಜೆ ಏಳೂವರೆಗೋ ಎಂಟಕ್ಕೋ ಆ ನೂಕುನುಗ್ಗಲಿನಿಂದ ಇಳಿದು, ಸ್ಟೇಷನ್ ಹೊರಗೆ ತರಕಾರಿ ಕೊಂಡು, ರಿಕ್ಷಾದ ಸಾಲಿನಲ್ಲಿ ನಿಂತು ಮನೆಗೆ ಬಂದರೆ ಏನು ಕಾಣುತ್ತದೆ? ಹಾಲ್‌ನಲ್ಲಿ ಚೆಲ್ಲಿದ ಪುಸ್ತಕ, ಸೋಫಾದ ಮೇಲೆ ಒದ್ದೆ ಟವೆಲ್, ಸಿಂಕ್ ತುಂಬ ಪಾತ್ರೆ. ದಣಿದ ಜೀವಕ್ಕೆ ಕೋಪ ಬರುತ್ತದೆ. "ಇಡೀ ದಿನ ಟಿವಿ ನೋಡಿದ್ದೀಯಲ್ಲ, ಈಗ ಇದನ್ನೆಲ್ಲ ನೀನೇ ತೆಗಿ, ಪಾತ್ರೆನೂ ನೀನೇ ತೊಳಿ" ಎಂದುಬಿಡುತ್ತೇವೆ. ಅಂದರೆ ಕೋಪ ಇಲ್ಲದ ದಿನ ಕೆಲಸ ಇಲ್ಲ, ಕೋಪ ಬಂದ ದಿನ ಕೆಲಸ ಉಂಟು. ಹತ್ತು ಸಲ ಹೀಗಾದರೆ ಮಗುವಿನ ತಲೆಯಲ್ಲಿ ಕೆಲಸ ಮತ್ತು ಬೈಗುಳ ಎರಡೂ ಒಂದೇ ಗಂಟಿನಲ್ಲಿ ಸೇರಿಹೋಗುತ್ತವೆ.

ಈ ಗಂಟನ್ನು ಬಿಚ್ಚುವುದು ಹೇಗೆ ಎಂಬುದೇ ಇವತ್ತಿನ ನನ್ನ ಮಾತು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ವಿಷಯ. ತಪ್ಪಿಗೆ ಒಂದು ಖಾತೆ ಇರಲಿ, ಕೆಲಸಕ್ಕೆ ಇನ್ನೊಂದು ಖಾತೆ ಇರಲಿ. ಒಂದರ ಬಾಕಿಯನ್ನು ಇನ್ನೊಂದರಲ್ಲಿ ವಸೂಲಿ ಮಾಡಬಾರದು. ಹಾಗೆಯೇ ಮಗುವಿಗೆ ಚೂರುಪಾರು ಹತ್ತು ಕೆಲಸ ಹೇಳುವುದಕ್ಕಿಂತ ಒಂದೇ ಒಂದು ಕೆಲಸವನ್ನು ಮೊದಲಿಂದ ಕೊನೆಯವರೆಗೆ ಅದರದೇ ಎಂದು ಒಪ್ಪಿಸಬೇಕು.

ಮಕ್ಕಳಿಗೆ ಕೆಲಸ ಮಾಡುವ ಆಸೆ ಹುಟ್ಟಿನಿಂದ ಇಲ್ಲ, ನಾವೇ ಹಿಂದೆ ಬಿದ್ದು ಮಾಡಿಸಬೇಕು ಎಂದು ಬಹಳ ಮಂದಿ ತಿಳಿದಿದ್ದಾರೆ. ನಿಮ್ಮ ಮನೆಯಲ್ಲಿ ಒಂದೂವರೆ ಎರಡು ವರ್ಷದ ಕೂಸು ಇದ್ದರೆ ನೋಡಿ. ನೀವು ಗುಡಿಸಲು ಹೊರಟರೆ ಪೊರಕೆಗೆ ಜೋತು ಬೀಳುತ್ತದೆ. ಬಟ್ಟೆ ಒಣಹಾಕುವಾಗ ಕ್ಲಿಪ್ಪಿನ ಬುಟ್ಟಿಗೆ ಕೈ ಹಾಕುತ್ತದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕೆಲಸ ಮಾಡುತ್ತಿದ್ದ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದರು. ದೊಡ್ಡವರೊಬ್ಬರು ಬಟ್ಟೆ ಒಣಹಾಕುತ್ತ ಕ್ಲಿಪ್ಪನ್ನು ಕೆಳಗೆ ಬೀಳಿಸಿ, ಕೈ ಎಟುಕದವರಂತೆ ನಟಿಸಿದರು. ಹದಿನೆಂಟು ತಿಂಗಳ ಮಕ್ಕಳಲ್ಲಿ ಹೆಚ್ಚಿನವು, ಯಾರೂ ಹೇಳದೆ, ಯಾರೂ ಹೊಗಳದೆ, ಇಂಥ ಹೊತ್ತಿನಲ್ಲಿ ತಾವಾಗಿಯೇ ಮುಂದೆ ಬಂದು ನೆರವಾದವು.

ಅವರೇ 2008ರಲ್ಲಿ ಇನ್ನೊಂದು ಪರೀಕ್ಷೆಯ ಫಲ ಪ್ರಕಟಿಸಿದರು. ಈ ಸಲ ಇಪ್ಪತ್ತು ತಿಂಗಳ ಮಕ್ಕಳು. ಕೆಲವರಿಗೆ ನೆರವಾದಾಗಲೆಲ್ಲ ಒಂದು ಆಟದ ವಸ್ತು ಕೊಟ್ಟರು, ಕೆಲವರನ್ನು ಬಾಯಿಮಾತಿನಲ್ಲಿ ಹೊಗಳಿದರು, ಉಳಿದವರಿಗೆ ಏನೂ ಕೊಡಲಿಲ್ಲ. ಆಮೇಲೆ ಎಲ್ಲವನ್ನೂ ನಿಲ್ಲಿಸಿ ನೋಡಿದಾಗ, ವಸ್ತು ಪಡೆದಿದ್ದ ಮಕ್ಕಳು ಉಳಿದವರಿಗಿಂತ ಕಡಿಮೆ ನೆರವಾದರು. ಬಹುಮಾನ ಕೊಟ್ಟು ಕೆಲಸ ಮಾಡಿಸಿದರೆ ಬಹುಮಾನ ನಿಂತಾಗ ಕೆಲಸವೂ ನಿಲ್ಲಬಹುದು ಎಂಬುದಕ್ಕೆ ಇದು ಸುಳಿವು. ಪ್ರತಿ ಪಾತ್ರೆಗೆ ಐದು ರೂಪಾಯಿ, ಹತ್ತು ರೂಪಾಯಿ ಎಂದು ಕೊಡುವ ಮನೆಗಳವರು ಇದನ್ನು ನೆನಪಿಟ್ಟುಕೊಳ್ಳಿ. ಜೇಬುಖರ್ಚಿಗೆ ಹಣ ಕೊಡುವುದಾದರೆ ಧಾರಾಳವಾಗಿ ಕೊಡಿ, ಆದರೆ ಅದನ್ನು ಊಟದ ತಟ್ಟೆ ಎತ್ತಿಟ್ಟಿದ್ದಕ್ಕೆ ಕೂಲಿ ಎಂದು ಕೊಡಬೇಡಿ.

ಹಾಗಾದರೆ ಎರಡು ವರ್ಷಕ್ಕೆ ಇದ್ದ ಉತ್ಸಾಹ ಹತ್ತು ವರ್ಷಕ್ಕೆ ಎಲ್ಲಿ ಹೋಗುತ್ತದೆ? ನಮ್ಮದು ಚಿಕ್ಕ ಮನೆ, ಒಂದು ಕೋಣೆ ಹಾಲು, ಹೆಚ್ಚೆಂದರೆ ಎರಡು ಕೋಣೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲ. ಬೆಳಿಗ್ಗೆ ಗಾಡಿಯ ಹೊತ್ತು ಬೇರೆ. ಕೂಸು ಹತ್ತಿರ ಬಂದರೆ "ಹೋಗು ಮರಿ, ಆಟ ಆಡು, ನೀನು ಚೆಲ್ಲುತ್ತೀಯ" ಎಂದು ಕಳಿಸುತ್ತೇವೆ. ಬರಬೇಡ ಎಂದು ಏಳೆಂಟು ವರ್ಷ ಹೇಳಿ, ಒಂದು ದಿನ ಇದ್ದಕ್ಕಿದ್ದ ಹಾಗೆ "ಇಷ್ಟು ದೊಡ್ಡವನಾಗಿದ್ದೀಯ, ಒಂದು ಲೋಟ ಎತ್ತಿಡಲು ಬರುವುದಿಲ್ಲವೆ?" ಎಂದು ಗದರುತ್ತೇವೆ. ನಡುವಿನ ವರ್ಷಗಳಲ್ಲಿ ಕಲಿಯಲು ನಾವು ಬಿಟ್ಟಿರಲೇ ಇಲ್ಲ.

ಈಗ ಯಾವ ವಯಸ್ಸಿಗೆ ಯಾವ ಕೆಲಸ ಎಂಬುದನ್ನು ನಮ್ಮ ಫ್ಲ್ಯಾಟ್‌ಗಳ ಲೆಕ್ಕದಲ್ಲಿ ನೋಡೋಣ. ಇದು ಕಲ್ಲಿನಲ್ಲಿ ಕೊರೆದ ಪಟ್ಟಿ ಅಲ್ಲ. ಮಗುವಿನ ಕೈಯ ಬಲ, ನಿಲುವು, ಎಷ್ಟು ಹೊತ್ತು ಒಂದರ ಮೇಲೆ ಗಮನ ಇಡಬಲ್ಲದು ಎಂಬುದನ್ನು ನೋಡಿ ನೀವು ಹಿಂದೆ ಮುಂದೆ ಮಾಡಿಕೊಳ್ಳಬೇಕು.

ಎರಡು ಮೂರು ವರ್ಷದ ಮಗುವಿಗೆ ತನ್ನ ಚಪ್ಪಲಿಯನ್ನು ಜೋಡಿ ಮಾಡಿ ಇಡುವುದು, ಬಿಚ್ಚಿದ ಬಟ್ಟೆಯನ್ನು ಒಗೆಯುವ ಬುಟ್ಟಿಗೆ ಹಾಕುವುದು, ಆಟಿಕೆಗಳನ್ನು ಒಂದೇ ಡಬ್ಬದಲ್ಲಿ ತುಂಬುವುದು ಸಾಕು. ಈ ವಯಸ್ಸಿನಲ್ಲಿ ಮಗು ಒಂಟಿಯಾಗಿ ಮಾಡುವುದಿಲ್ಲ, ನೀವು ಜೊತೆಗಿದ್ದರೆ ಮಾಡುತ್ತದೆ. ನಾಲ್ಕೈದು ವರ್ಷಕ್ಕೆ ಊಟಕ್ಕೆ ಲೋಟ, ತಟ್ಟೆ ಇಡುವುದು, ಬಟಾಣಿ ಸುಲಿಯುವುದು, ಕೊತ್ತಂಬರಿ ಸೊಪ್ಪು ಬಿಡಿಸುವುದು, ಕರವಸ್ತ್ರ ಮಡಿಸುವುದು ಬರುತ್ತದೆ. ಆರರಿಂದ ಎಂಟರ ಮಗು ತನ್ನ ಟಿಫಿನ್ ಡಬ್ಬಿ ತೊಳೆಯಬಲ್ಲದು, ನೀರಿನ ಬಾಟಲಿ ತುಂಬಿಸಬಲ್ಲದು, ತನ್ನ ಹಾಸಿಗೆಯನ್ನು ಮಡಿಸಿ ಇಡಬಲ್ಲದು, ತುಳಸಿಗೆ ನೀರು ಹಾಕಬಲ್ಲದು. ಒಂಬತ್ತು ದಾಟಿದ ಮೇಲೆ ಒಂದು ಕೋಣೆ ಗುಡಿಸುವುದು, ಒಣಗಿದ ಬಟ್ಟೆಯನ್ನು ಮನೆಯವರ ಹೆಸರಿನಂತೆ ಬೇರೆ ಮಾಡಿ ಮಡಿಸುವುದು, ಹಸಿ ಕಸ ಒಣ ಕಸ ಸರಿಯಾದ ಬುಟ್ಟಿಯಲ್ಲಿದೆಯೆ ಎಂದು ನೋಡುವುದು ಕಷ್ಟವಲ್ಲ. 2016ರ ಘನತ್ಯಾಜ್ಯ ನಿಯಮಗಳು ಮನೆಯಲ್ಲೇ ಕಸವನ್ನು ಬೇರೆ ಮಾಡಿ ಕೊಡಬೇಕೆಂದು ಹೇಳಿದವು. ಇಂಥ ವಿಂಗಡಣೆಯನ್ನು ಹತ್ತು ವರ್ಷದ ಮಕ್ಕಳು ಎಷ್ಟೋ ಸಲ ದೊಡ್ಡವರಿಗಿಂತ ಚೊಕ್ಕವಾಗಿ ಮಾಡುತ್ತಾರೆ.

ಹನ್ನೆರಡು ದಾಟಿದ ಮೇಲೆ ಅನ್ನ ಮಾಡುವುದನ್ನು ಕಲಿಸಬಹುದು, ದೊಡ್ಡವರು ಮನೆಯಲ್ಲಿದ್ದಾಗ ಮಾತ್ರ. ಅಕ್ಕಿ ಅಳೆದು ಎರಡು ಸಲ ತೊಳೆದು, ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರಿಟ್ಟು ನೆನೆಸುವುದು ಮೊದಲ ತಿಂಗಳ ಕೆಲಸ. ಗ್ಯಾಸ್ ಹೊತ್ತಿಸುವುದು ಅದಾದ ಮೇಲೆ. ಕುಕ್ಕರ್‌ನ ಆವಿ ತಾನಾಗಿಯೇ ಪೂರ್ತಿ ಇಳಿಯುವ ಮುಂಚೆ ಮುಚ್ಚಳ ಮುಟ್ಟಬಾರದು ಎಂಬುದನ್ನು ಬರೀ ಬಾಯಲ್ಲಿ ಹೇಳಿದರೆ ಸಾಲದು, ಎಷ್ಟು ಹೊತ್ತು ಬೇಕಾಗುತ್ತದೆ ಎಂಬುದನ್ನು ಪಕ್ಕದಲ್ಲಿ ನಿಂತು ತೋರಿಸಿ.

ಮಕ್ಕಳಿಗೆ ಕೊಡಲೇಬಾರದ ಕೆಲಸಗಳೂ ಇವೆ. ನಮ್ಮಲ್ಲಿ ಬಟ್ಟೆ ಒಣಗುವುದು ಕಿಟಕಿಯ ಹೊರಗಿನ ತಂತಿಯ ಮೇಲೆ. ಮೂರನೇ ಮಹಡಿಯಾಗಲಿ ಹದಿಮೂರನೇ ಮಹಡಿಯಾಗಲಿ, ಕಿಟಕಿಯಿಂದ ಬಾಗಿ ಬಟ್ಟೆ ಹಾಕುವ, ತೆಗೆಯುವ ಕೆಲಸ ಮಕ್ಕಳದಲ್ಲ. ತೆಗೆದು ತಂದ ಬಟ್ಟೆ ಮಡಿಸುವುದಷ್ಟೇ ಅವರದು. ಸಂಡಾಸಿಗೆ ಹಾಕುವ ಆಸಿಡ್, ಬ್ಲೀಚಿಂಗ್ ಪೌಡರ್ ಮಕ್ಕಳ ಕೈಗೆ ಸಿಗಬಾರದು. ಅವೆರಡು ಸೇರಿದರೆ ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಗೀಸರ್ ಹಾಕುವುದು, ಕುದಿಯುವ ಸಾರಿನ ಪಾತ್ರೆ ಇಳಿಸುವುದು ಕೂಡ ಬೇಡ. ಇನ್ನು ಅಡುಗೆಕಟ್ಟೆಯ ಎತ್ತರ ದೊಡ್ಡವರ ಸೊಂಟಕ್ಕೆ ಸರಿಯಾಗಿ ಮಾಡಿದ್ದು. ಅಲುಗಾಡುವ ಸ್ಟೂಲ್ ಮೇಲೆ ಮಗುವನ್ನು ಹತ್ತಿಸುವ ಬದಲು ಕೆಲಸವನ್ನೇ ಕೆಳಗೆ ಇಳಿಸಿ. ಊರಿನಲ್ಲಿ ನಮ್ಮ ಅಜ್ಜಿಯಂದಿರು ತರಕಾರಿ ಹೆಚ್ಚಿದ್ದೂ, ಸೊಪ್ಪು ಬಿಡಿಸಿದ್ದೂ ನೆಲದಲ್ಲಿ ಕೂತೇ ಅಲ್ಲವೆ? ಬಟಾಣಿಯ ಮೊರ ನೆಲದ ಮೇಲಿರಲಿ, ಡಬ್ಬಿ ತೊಳೆಯುವುದು ಬಚ್ಚಲಲ್ಲಿ ಚಿಕ್ಕ ಮಣೆಯ ಮೇಲೆ ಕೂತು ಆಗಲಿ.

ಎಷ್ಟು ಕೆಲಸ ಹೆಚ್ಚಾಯಿತು ಎಂದು ತಿಳಿಯುವುದು ಹೇಗೆ? ಅದಕ್ಕೆ ಇಲ್ಲೇ ನಮ್ಮ ನೆರೆಯ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ತಾರಾಬಾಯಿ ಮೋಡಕ್ ಅವರ ಹೆಸರನ್ನು ಮರಾಠಿ ಶಾಲೆಗೆ ಹೋದವರು ಕೇಳಿರಬಹುದು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಂದಿಗೆ ಶಿಶುಶಿಕ್ಷಣದ ಕೆಲಸ ಮಾಡಿ ಬಂದ ಅವರು 1945ರಲ್ಲಿ ಬೋರ್ಡಿಯಲ್ಲಿ, ಆಮೇಲೆ 1957ರಿಂದ ಕೋಸಬಾಡದಲ್ಲಿ ಅನುತಾಯಿ ವಾಘ್ ಅವರ ಜೊತೆ ಬಾಲವಾಡಿ ನಡೆಸಿದರು. ಈ ಎರಡೂ ಊರು ಆಗ ಠಾಣೆ ಜಿಲ್ಲೆಯಲ್ಲಿದ್ದವು, 2014ರಿಂದ ಪಾಲಘರ್ ಜಿಲ್ಲೆಗೆ ಸೇರಿವೆ. ಅಲ್ಲಿನ ಆದಿವಾಸಿ ಮಕ್ಕಳು ಶಾಲೆಗೆ ಬರುತ್ತಿರಲಿಲ್ಲ. ಸೋಮಾರಿತನದಿಂದ ಅಲ್ಲ, ಮನೆಯ ಕೆಲಸದಿಂದ. ಅಕ್ಕನಿಗೆ ತಮ್ಮನನ್ನು ಎತ್ತಿಕೊಳ್ಳುವ ಕೆಲಸ, ಅಣ್ಣನಿಗೆ ದನ ಮೇಯಿಸುವ ಕೆಲಸ. ಆಗ ತಾರಾಬಾಯಿ ಆ ಮಕ್ಕಳನ್ನು ಬೈಯಲಿಲ್ಲ. ಬಾಲವಾಡಿಯನ್ನೇ ಅವರ ಕೇರಿಯ ಅಂಗಳಕ್ಕೆ ಒಯ್ದರು, ಅದೇ ಅಂಗನವಾಡಿ. ಕೂಸುಗಳಿಗೆ ಶಿಶುವಿಹಾರ ಜೊತೆಗೆ ಸೇರಿಸಿದರು, ದನ ಕಾಯುವ ಹುಡುಗರಿಗೆ ಹುಲ್ಲುಗಾವಲಿನಲ್ಲೇ ಶಾಲೆ ಮಾಡಿದರು.

ನಮ್ಮ ಮನೆಗಳಿಗೂ ಅಳತೆಗೋಲು ಇಲ್ಲೇ ಇದೆ. ಮನೆಗೆಲಸ ಮಗುವಿನ ಶಾಲೆಯನ್ನು, ಆಟವನ್ನು, ನಿದ್ದೆಯನ್ನು ತಿನ್ನತೊಡಗಿದರೆ ಅದು ಕಲಿಕೆಯಲ್ಲ, ಹೊರೆ. ದೊಡ್ಡ ಮಗಳು ಕೆಳಗೆ ಆಡುವುದನ್ನು ಬಿಟ್ಟು ದಿನಾ ಸಂಜೆ ತಮ್ಮನನ್ನು ನೋಡಿಕೊಳ್ಳುತ್ತಿದ್ದರೆ, "ನಮ್ಮ ಹುಡುಗಿ ಬಹಳ ಜವಾಬ್ದಾರಿಯವಳು" ಎಂದು ಹೊಗಳಿ ಸುಮ್ಮನಾಗಬೇಡಿ. ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ ಹತ್ತು ಹದಿನೈದು ನಿಮಿಷದ, ಹೈಸ್ಕೂಲಿನ ಮಕ್ಕಳಿಗೆ ಅರ್ಧ ಗಂಟೆಯ ಕೆಲಸ ಸಾಕು ಎಂಬುದು ನನ್ನ ಅಂದಾಜು.

ಈಗ ಒಂದು ಮನೆಯ ವಿಷಯ ಬಿಡಿಸಿ ಹೇಳುತ್ತೇನೆ. ಡೊಂಬಿವಲಿ ಪೂರ್ವದಲ್ಲಿ ನನಗೆ ಪರಿಚಯದ ಮನೆ. ಅಪ್ಪನ ಆಫೀಸು ಕೋಟೆ ಕಡೆ, ಅಮ್ಮನದು ಐರೋಲಿ. ಅಮ್ಮ ಠಾಣೆಯಲ್ಲಿ ಗಾಡಿ ಬದಲಿಸಿ ಮನೆ ಸೇರುವಾಗ ಏಳೂವರೆ. ಮೂರನೇ ತರಗತಿಯ ಎಂಟು ವರ್ಷದ ಮಗಳು, ಏಳನೇ ತರಗತಿಯ ಮಗ, ಜೊತೆಗೆ ಕುಂದಾಪುರದ ಅಜ್ಜಿ. ಅಲ್ಲಿ ದಿನಾ ಜಗಳ ನಡೆಯುತ್ತಿದ್ದುದು ಮಗಳ ಟಿಫಿನ್ ಡಬ್ಬಿಯ ಮೇಲೆ. ಮಧ್ಯಾಹ್ನ ಶಾಲೆಯಿಂದ ಬಂದ ಚೀಲದೊಳಗೆ ಡಬ್ಬಿ ಹಾಗೇ ಉಳಿದು, ರಾತ್ರಿ ಅಮ್ಮ ತೆಗೆದಾಗ ವಾಸನೆ. "ಇವತ್ತು ಎಲ್ಲರ ಪಾತ್ರೆಯೂ ನಿನಗೇ, ಆಗ ಬುದ್ಧಿ ಬರುತ್ತದೆ" ಎಂದು ಅಮ್ಮ ಹೇಳುವುದು, ಮಗಳು ಅಳುವುದು, ಕೊನೆಗೆ ಅಜ್ಜಿಯೇ ತೊಳೆಯುವುದು. ಆ ಮಗು ಕಲಿತದ್ದು ಮೂರು: ಪಾತ್ರೆ ತೊಳೆಯುವುದು ದಂಡ, ಅತ್ತರೆ ದಂಡ ಮಾಫಿ, ಡಬ್ಬಿ ಅಜ್ಜಿಯ ಕೆಲಸ.

ಒಂದು ಭಾನುವಾರ, ಕೋಪವಿಲ್ಲದ ಹೊತ್ತಿನಲ್ಲಿ, ಅಮ್ಮ ಮಾತು ತೆಗೆದರು. "ಪುಟ್ಟಿ, ನಾಳೆಯಿಂದ ನಿನ್ನ ಡಬ್ಬಿ ನಿನ್ನದು. ಹೇಗೆ ಮಾಡುವುದು ಎಂದು ಇವತ್ತು ತೋರಿಸುತ್ತೇನೆ." ಅಜ್ಜಿಗೆ ಸಮಾಧಾನವಾಗಲಿಲ್ಲ. "ಓದುವ ಮಕ್ಕಳಿಗೆ ಮುಸುರೆ ಯಾಕೆ ಮಾರಾಯ್ತಿ?" ಎಂದರು. ಅಮ್ಮ ವಾದ ಮಾಡಲಿಲ್ಲ. "ಅತ್ತೆ, ನೀವು ಪಕ್ಕದಲ್ಲಿ ಕೂತು ನೋಡಿ, ಕೈ ಮಾತ್ರ ಹಾಕಬೇಡಿ" ಎಂದರು. ಮಕ್ಕಳಿಗೆ ಕೆಲಸ ಒಪ್ಪಿಸುವ ಮುಂಚೆ ಮನೆಯ ದೊಡ್ಡವರ ಒಪ್ಪಿಗೆ ಹೀಗೆ ಪಡೆದುಕೊಳ್ಳುವುದು ಬಹಳ ಮುಖ್ಯ. ಇಲ್ಲದಿದ್ದರೆ ನೀವು ಐರೋಲಿಯಲ್ಲಿರುವಾಗ ಡಬ್ಬಿ ತನ್ನಷ್ಟಕ್ಕೇ ಅಜ್ಜಿಯ ಕೈ ಸೇರುತ್ತದೆ.

ತೋರಿಸುವಾಗ ಅಮ್ಮ ಹೆಚ್ಚು ಮಾತಾಡಲಿಲ್ಲ, ನಿಧಾನವಾಗಿ ಮಾಡಿದರು. ಉಳಿದ ಅನ್ನ ಹಸಿ ಕಸದ ಬುಟ್ಟಿಗೆ. ಡಬ್ಬಿಗೆ ನೀರು ತುಂಬಿ ಊಟ ಮುಗಿಯುವವರೆಗೆ ನೆನೆಯಲು ಬಿಡುವುದು, ಏಕೆಂದರೆ ಒಣಗಿದ ಅಗುಳು ಎಷ್ಟು ತಿಕ್ಕಿದರೂ ಬಿಡುವುದಿಲ್ಲ. ಮುಚ್ಚಳದ ರಬ್ಬರ್ ಬಳೆಯನ್ನು ಬೆರಳಿನಿಂದ ಎಬ್ಬಿಸಿ ಬೇರೆ ತೊಳೆಯುವುದು, ಏಕೆಂದರೆ ವಾಸನೆ ಕೂತಿರುವುದು ಅಲ್ಲೇ. ಒಂದೇ ತೊಟ್ಟು ಸೋಪು, ಮೂಲೆಗಳಿಗೆ ಬೆರಳು, ಎರಡು ಸಲ ನೀರು. ಕೊನೆಗೆ ಡಬ್ಬಿಯನ್ನು ಬೋರಲು ಹಾಕಿ, ಮುಚ್ಚಳವನ್ನು ಪಕ್ಕದಲ್ಲಿ ಇಡುವುದು. ಮಳೆಗಾಲದಲ್ಲಿ ಒದ್ದೆ ಡಬ್ಬಿಗೆ ಮುಚ್ಚಳ ಹಾಕಿದರೆ ಬೆಳಿಗ್ಗೆ ಮತ್ತೆ ಅದೇ ವಾಸನೆ.

"ಡಬ್ಬಿ ತೊಳಿ" ಎಂಬ ಎರಡು ಪದದೊಳಗೆ ಇಷ್ಟು ಹೆಜ್ಜೆಗಳಿವೆ ನೋಡಿ. ನಮಗೆ ಕೈಗೆ ಬಂದದ್ದರಿಂದ ಹೆಜ್ಜೆಗಳು ಕಾಣುವುದಿಲ್ಲ. ಮಗುವಿಗೆ ಒಂದು ಹೆಜ್ಜೆ ಗೊತ್ತಿಲ್ಲದಿದ್ದರೂ ಕೆಲಸ ಕೆಡುತ್ತದೆ, ನಾವು ಅದನ್ನು ಉದಾಸೀನ ಎಂದು ಕರೆಯುತ್ತೇವೆ. "ಕೋಣೆ ಸರಿಮಾಡು" ಎಂಬುದಂತೂ ಇನ್ನೂ ಕಷ್ಟದ ಮಾತು. ಸರಿ ಎಂದರೆ ಏನು, ಎಲ್ಲಿಗೆ ಮುಗಿಯಿತು ಎಂದು ಮಗುವಿಗೆ ಹೇಗೆ ತಿಳಿಯಬೇಕು?

ಮೊದಲ ವಾರ ಅಜ್ಜಿ ಪಕ್ಕದಲ್ಲಿ ಕೂತು ಜೊತೆಗೇ ಮಾಡಿಸಿದರು. ಎರಡನೇ ವಾರ ಮಗು ಮಾಡಿತು, ಅಜ್ಜಿ ನೋಡಿದರು. ಮೂರನೇ ವಾರದಿಂದ ಮಗು ಒಂಟಿಯಾಗಿ ಮಾಡಿತು. ಹೊತ್ತು ಗಡಿಯಾರಕ್ಕೆ ಕಟ್ಟಲಿಲ್ಲ, ದಿನದ ಕ್ರಮಕ್ಕೆ ಕಟ್ಟಿದರು. ಶೂ ಬಿಚ್ಚಿದ ಕೂಡಲೇ ಡಬ್ಬಿ ನೆನೆಯಲು ಇಡುವುದು, ಊಟದ ಕೈ ತೊಳೆಯುವಾಗಲೇ ಡಬ್ಬಿಯನ್ನೂ ತೊಳೆಯುವುದು. ಪರೀಕ್ಷೆಯೂ ಮಗುವಿನದೇ: ಒಣಗಿದ ಮೇಲೆ ರಬ್ಬರನ್ನು ತಾನೇ ಮೂಸಿ ನೋಡುವುದು. ವಾಸನೆ ಇಲ್ಲದಿದ್ದರೆ ಕೆಲಸ ಮುಗಿಯಿತು. ಕೆಲಸ ಚೆನ್ನಾಗಿದೆಯೆ ಎಂದು ಮಗುವೇ ತಿಳಿಯುವ ದಾರಿ ಇದ್ದರೆ ನೀವು ಇನ್‌ಸ್ಪೆಕ್ಟರ್ ಆಗಬೇಕಾಗಿಲ್ಲ.

ನಾಲ್ಕನೇ ವಾರ ಒಂದು ದಿನ ಡಬ್ಬಿ ಮರೆತುಹೋಯಿತು. ಎಲ್ಲ ಮನೆಗಳಲ್ಲೂ ಮರೆತೇ ಹೋಗುತ್ತದೆ, ಆ ದಿನಕ್ಕೆ ನೀವು ಮೊದಲೇ ತಯಾರಾಗಿರಬೇಕು. ರಾತ್ರಿ ಎಂಟಕ್ಕೆ ಅಮ್ಮ ಚೀಲದಲ್ಲಿ ಕಂಡರು. "ಡಬ್ಬಿ" ಎಂದು ಒಂದೇ ಮಾತು ಹೇಳಿದರು. ಹಿಂದಿನ ವಾರದ ಕಥೆ ಇಲ್ಲ, ಪಕ್ಕದ ಮನೆಯ ಹುಡುಗಿಯ ಹೋಲಿಕೆ ಇಲ್ಲ. ಮಗಳು ಎದ್ದು ಹೋಗಿ ತಿಕ್ಕಿದಳು, ಅಗುಳು ಬಿಡಲಿಲ್ಲ. "ರಾತ್ರಿ ನೆನೆಯಲಿ, ಬೆಳಿಗ್ಗೆ ತೊಳಿ, ನಾಳೆಗೆ ಹಳೆಯ ಸ್ಟೀಲ್ ಡಬ್ಬಿ ತೆಗೆದುಕೊಂಡು ಹೋಗು" ಎಂದರು ಅಮ್ಮ. ಗಮನಿಸಿ, ಮಗುವನ್ನು ಹಸಿದುಕೊಂಡು ಶಾಲೆಗೆ ಕಳಿಸಲಿಲ್ಲ. ಊಟ ಕಸಿದುಕೊಳ್ಳುವುದು ಪಾಠವಲ್ಲ. ಅದಕ್ಕೇ ಇನ್ನೊಂದು ಡಬ್ಬಿ ಮನೆಯಲ್ಲಿರಬೇಕು. ಎಲ್ಲರ ಪಾತ್ರೆ ತೊಳೆಯುವ ದಂಡವನ್ನೂ ಹಾಕಲಿಲ್ಲ. ಮರೆತ ಕೆಲಸಕ್ಕೆ ಉತ್ತರ ಆ ಕೆಲಸವನ್ನೇ ಮಾಡುವುದು, ಅಷ್ಟೇ.

ಇಲ್ಲಿ ನೀವು ಕೇಳಬಹುದು: ಮಗು ಹಾಲು ಚೆಲ್ಲಿದರೆ ಅದರಿಂದಲೇ ಒರೆಸಬಾರದೆ? ಖಂಡಿತ ಒರೆಸಬೇಕು. ಅದು ಶಿಕ್ಷೆಯಲ್ಲ, ಆದದ್ದನ್ನು ಸರಿಪಡಿಸುವುದು. ಎರಡರ ವ್ಯತ್ಯಾಸ ತಿಳಿಯಲು ನಿಮ್ಮನ್ನು ನೀವೇ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಕೆಲಸಕ್ಕೂ ನಡೆದ ತಪ್ಪಿಗೂ ನೇರ ಸಂಬಂಧ ಇದೆಯೆ? ಕೆಲಸ ಆದದ್ದನ್ನು ಸರಿಮಾಡುವಷ್ಟೇ ಇದೆಯೆ, ಹೆಚ್ಚಿಗೆ ಇದೆಯೆ? ನಾನೇ ಹಾಲು ಚೆಲ್ಲಿದ್ದರೆ ಇದೇ ದನಿಯಲ್ಲಿ ಒರೆಸುತ್ತಿದ್ದೆನೆ? ಹಾಲು ಚೆಲ್ಲಿದ್ದಕ್ಕೆ ಹಾಲು ಒರೆಸುವುದು ಸರಿ. ಹಾಲು ಚೆಲ್ಲಿದ್ದಕ್ಕೆ ಇಡೀ ಮನೆ ಒರೆಸುವುದು ದಂಡ. ಗಣಿತದಲ್ಲಿ ಅಂಕ ಕಡಿಮೆಯಾದದ್ದಕ್ಕೆ ಪೊರಕೆ ಕೊಡುವುದಂತೂ ಪೂರ್ತಿ ದಂಡ. ಅದು ಗಣಿತವನ್ನೂ ಕಲಿಸುವುದಿಲ್ಲ, ಗುಡಿಸುವುದನ್ನೂ ಕಲಿಸುವುದಿಲ್ಲ. ಅದರ ಜೊತೆಗೆ, ಓದದವರು ಮಾಡುವ ಕೆಲಸ ಕೀಳು ಎಂಬ ಮಾತನ್ನು ಕಲಿಸುತ್ತದೆ. ದಿನಾ ಬಂದು ನಮ್ಮ ಪಾತ್ರೆ ತೊಳೆಯುವ ಬಾಯಿ ಆ ಮಾತನ್ನು ಕೇಳಿಸಿಕೊಂಡರೆ ಅವರಿಗೆ ಹೇಗಾಗಬೇಕು?

ಹಾಗೆಯೇ, ಕೆಲಸವನ್ನು ಮಾಫಿ ಮಾಡುವುದನ್ನು ಬಹುಮಾನ ಮಾಡಬೇಡಿ. "ಒಳ್ಳೆಯ ಅಂಕ ತಂದೆಯಲ್ಲ, ಈ ವಾರ ನಿನಗೆ ಕೆಲಸ ಇಲ್ಲ" ಎಂದರೆ ಕೆಲಸ ಶಿಕ್ಷೆಯೇ ಎಂದು ನೀವೇ ಒಪ್ಪಿಕೊಂಡಂತೆ. ಪರೀಕ್ಷೆಯ ದಿನಗಳಲ್ಲಿ ದೊಡ್ಡ ಕೆಲಸ ಬಿಡಲಿ, ತನ್ನ ತಟ್ಟೆ, ತನ್ನ ಡಬ್ಬಿ ಬಿಡುವುದು ಬೇಡ. ಜ್ವರ ಬಂದರೆ ಮಾತು ಬೇರೆ. ಆಗ ಮನೆಯವರು ಮಾಡಿಕೊಡುತ್ತಾರೆ, ಅಮ್ಮನಿಗೆ ಜ್ವರ ಬಂದಾಗ ಮಕ್ಕಳು ಮಾಡಿಕೊಡುವ ಹಾಗೆಯೇ.

ಇಷ್ಟೆಲ್ಲ ಮಾಡಿದರೂ ಕೆಲಸ ಹಳಿ ತಪ್ಪುವುದು ಎಲ್ಲಿ? ಒಂದು, ಮಗು ಮಾಡಿದ್ದನ್ನು ಅದರ ಎದುರಿಗೇ ಮತ್ತೆ ಮಾಡುವುದರಿಂದ. ಅದು ಗುಡಿಸಿದ ಕೋಣೆಯನ್ನು ನೀವು ಕೂಡಲೇ ಇನ್ನೊಮ್ಮೆ ಗುಡಿಸಿದರೆ, ನಿನ್ನ ಕೆಲಸ ಲೆಕ್ಕಕ್ಕಿಲ್ಲ ಎಂದು ಹೇಳಿದಂತೆ. ಮೂಲೆಯಲ್ಲಿ ಕಸ ಉಳಿದಿದ್ದರೆ ನಾಳೆ ಗುಡಿಸುವ ಮುಂಚೆ "ಮೂಲೆಯಿಂದ ಶುರು ಮಾಡಿ ನೋಡು" ಎಂದು ಹೇಳಿ. ಇನ್ನೊಂದು, ಚೆನ್ನಾಗಿ ಮಾಡುವ ಮಗುವಿನ ಮೇಲೆ ಕೆಲಸ ಪೇರಿಸುವುದರಿಂದ. ಡಬ್ಬಿ ಚೆನ್ನಾಗಿ ತೊಳೆದಳು ಎಂದು ಅಣ್ಣನ ಡಬ್ಬಿಯನ್ನೂ ಅವಳಿಗೇ ಕೊಟ್ಟರೆ, ಚೆನ್ನಾಗಿ ಮಾಡಿದ್ದೇ ಅವಳ ತಪ್ಪಾಗುತ್ತದೆ.

ಈ ಅಣ್ಣನ ಮಾತು ಬಂದದ್ದರಿಂದ ಹೇಳುತ್ತೇನೆ. ಕೇಂದ್ರ ಸರಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆ ಆರು ವರ್ಷ ಮತ್ತು ಮೇಲ್ಪಟ್ಟವರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಿತ್ತು. ದಿನದಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕಿದವರು ಹೆಂಗಸರಲ್ಲಿ ನೂರಕ್ಕೆ 81 ಮಂದಿ, ಗಂಡಸರಲ್ಲಿ 26 ಮಂದಿ ಮಾತ್ರ. ಈ ಅಂತರ ಮದುವೆಯಾದ ಮೇಲೆ ಹುಟ್ಟುವುದಲ್ಲ. ತಂಗಿಗೆ ಪೊರಕೆ, ಅಣ್ಣನಿಗೆ ರಿಮೋಟ್ ಕೊಟ್ಟ ದಿನವೇ ಹುಟ್ಟುತ್ತದೆ. ಹುಡುಗಿಯ ಪಾಲಿಗೆ ಅಣ್ಣನಿಲ್ಲದ ಕೆಲಸವೆಲ್ಲ ಒಂದು ಬಗೆಯ ಶಿಕ್ಷೆಯೇ, ಏಕೆಂದರೆ ಅವಳು ಮಾಡಿದ ತಪ್ಪು ಹುಡುಗಿಯಾಗಿ ಹುಟ್ಟಿದ್ದು ಎಂದಾಗುತ್ತದೆ.

ಆ ಡೊಂಬಿವಲಿಯ ಮನೆಯಲ್ಲಿ ಅಣ್ಣನಿಗೆ ಬಂದದ್ದು ಸಂಜೆಯ ಅಕ್ಕಿ. ಏಳಕ್ಕೆ ಅಕ್ಕಿ ತೊಳೆದು ನೆನೆಸಿಡುವುದು ಅವನ ಕೆಲಸ, ಅಮ್ಮ ಬಂದ ಮೇಲೆ ಕುಕ್ಕರ್ ಇಡುವುದು. ಒಂದು ಸಲ ನೀರು ಹೆಚ್ಚಾಗಿ ಅನ್ನ ಗಂಜಿಯಾಯಿತು. ಅಜ್ಜಿ ಅದಕ್ಕೆ ಉಪ್ಪಿನಕಾಯಿ ತೆಗೆದಿಟ್ಟರು, ಎಲ್ಲರೂ ಗಂಜಿ ಉಂಡರು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಲೋಟದಲ್ಲಿ ಅಳೆದೆ?" ಅಕ್ಕಿಗೆ ಚಿಕ್ಕ ಲೋಟ, ನೀರಿಗೆ ದೊಡ್ಡ ಲೋಟ ಎಂದು ಹುಡುಗನಿಗೇ ಹೊಳೆಯಿತು. ಮರುದಿನದಿಂದ ಅಕ್ಕಿ ಡಬ್ಬದೊಳಗೆ ಒಂದು ಲೋಟ ಅದಕ್ಕೆಂದೇ ಕೂತಿತು.

ನೀವು ಶುರು ಮಾಡುವುದಾದರೆ ಈ ಭಾನುವಾರ ಒಂದೇ ಕೆಲಸ ಆರಿಸಿ. ಮಗುವಿಗೆ ಎರಡು ಮೂರು ಕೆಲಸ ಹೇಳಿ, ಯಾವುದು ಬೇಕೆಂದು ಅದನ್ನೇ ಕೇಳಿ. ನಿಮಗೆ ಕೋಪ ಇಲ್ಲದ, ಗಾಡಿಯ ಗಡಿಬಿಡಿ ಇಲ್ಲದ ಹೊತ್ತಿನಲ್ಲಿ ತೋರಿಸಿಕೊಡಿ. ಹಿಂದೆ ಶಿಕ್ಷೆಯಾಗಿ ಕೊಟ್ಟ ಕೆಲಸವನ್ನು ಮಾತ್ರ ಮೊದಲಿಗೆ ಆರಿಸಬೇಡಿ. ಅದರ ಕಹಿ ಇಳಿಯಲು ಕೆಲವು ತಿಂಗಳು ಬೇಕು, ಅಷ್ಟರವರೆಗೆ ಆ ಕೆಲಸವನ್ನು ನೀವೇ ಸಮಾಧಾನದ ಮುಖದಿಂದ ಮಾಡುತ್ತಿರಿ.

ದಂಡ ಹೋಗಿ ಪಾಲು ಬಂತು ಎಂದು ಗೊತ್ತಾಗುವುದು ಹೇಗೆ? ಮಗು ನಗುನಗುತ್ತ ಕೆಲಸ ಮಾಡುತ್ತದೆ ಎಂದಲ್ಲ. ಗೊಣಗುತ್ತದೆ, "ಆಮೇಲೆ" ಎನ್ನುತ್ತದೆ, ಕೆಲವು ದಿನ ಮರೆಯುತ್ತದೆ. ಆದರೆ ಒಂದು ದಿನ ನೀವು ಮರೆವಿನಲ್ಲಿ ಅದರ ಡಬ್ಬಿಯನ್ನು ತೊಳೆಯಲು ಎತ್ತಿಕೊಂಡಾಗ, "ಅಮ್ಮಾ, ಅದು ನನ್ನದು, ಬಿಡು" ಎಂಬ ಮಾತು ಕೇಳಿಬರುತ್ತದೆ. ಆಗ ಡಬ್ಬಿಯನ್ನು ಅಲ್ಲೇ ಇಟ್ಟು ಪಕ್ಕಕ್ಕೆ ಸರಿಯಿರಿ.